ಆರು ಗಂಟೆಯ ಅಪಾಯಿಂಟ್‌ಮೆಂಟು ಏಳಕ್ಕೆ ಏಕೆ ಸಿಗುತ್ತದೆ?

ತಾಲ್ಲೂಕು ಕೇಂದ್ರದ ಒಂದು ಸಣ್ಣ ಕ್ಲಿನಿಕ್ಕು ಎಂದಿಟ್ಟುಕೊಳ್ಳೋಣ. ಒಬ್ಬರೇ ಡಾಕ್ಟರು, ಮುಂದಿನ ಮೇಜಿನಲ್ಲಿ ಒಬ್ಬ ಹುಡುಗಿ, ಗೋಡೆಗೆ ಒರಗಿಸಿದ ಎರಡು ಬೆಂಚು. ಸಂಜೆ 5.30ರಿಂದ 8.30ರವರೆಗೆ ತಪಾಸಣೆ. ಒಬ್ಬ ರೋಗಿಗೆ ಸರಾಸರಿ 10 ನಿಮಿಷ ಬೇಕಾಗುತ್ತದೆ. ಮೂರು ಗಂಟೆಗೆ 180 ನಿಮಿಷ, ಹಾಗಾಗಿ 18 ಜನಕ್ಕೆ ಸಮಯ ಕೊಟ್ಟುಬಿಟ್ಟರೆ ಲೆಕ್ಕ ಸರಿಹೋಗಬೇಕು. ಸರಿಹೋಗುವುದಿಲ್ಲ. ಎಲ್ಲರೂ ಹೇಳಿದ ಹೊತ್ತಿಗೆ ಬಂದರೂ, ಡಾಕ್ಟರು ಒಂದು ನಿಮಿಷ ವ್ಯರ್ಥ ಮಾಡದಿದ್ದರೂ ಸರಿಹೋಗುವುದಿಲ್ಲ.

ಮೊದಲ ಐದು ಜನರನ್ನೇ ನೋಡಿದರೆ ಕಾರಣ ಕಾಣುತ್ತದೆ. 5.30ರವರು 7 ನಿಮಿಷದಲ್ಲಿ ಮುಗಿಸಿ ಹೊರಬಂದರು. 5.40ರವರು ಸರಿಯಾಗಿ 5.40ಕ್ಕೆ ಬಂದರು, ಅಲ್ಲಿಯತನಕ ಡಾಕ್ಟರು 3 ನಿಮಿಷ ಸುಮ್ಮನೆ ಕೂತರು. ಅವರ ತಪಾಸಣೆಗೆ 16 ನಿಮಿಷ ಹಿಡಿಯಿತು, ಗಂಟೆ 5.56. ಮೂರನೆಯವರಿಗೆ 12, ನಾಲ್ಕನೆಯವರಿಗೆ 9, ಐದನೆಯವರಿಗೆ 6. ಐದು ಜನಕ್ಕೆ ಒಟ್ಟು 50 ನಿಮಿಷ, ಸರಾಸರಿ ಕರಾರುವಾಕ್ಕಾಗಿ ಹತ್ತು. ಆದರೂ 6.20ಕ್ಕೆ ಒಳಗೆ ಹೋಗಬೇಕಾದ ಆರನೆಯವರು ಹೋಗುವುದು 6.23ಕ್ಕೆ. ಬೇಗ ಮುಗಿದಾಗ ಉಳಿದ ಮೂರು ನಿಮಿಷವನ್ನು ಯಾರೂ ಎತ್ತಿಡಲಾಗುವುದಿಲ್ಲ, ಏಕೆಂದರೆ ಮುಂದಿನವರು ಇನ್ನೂ ಬಂದಿಲ್ಲ. ತಡವಾದ ನಿಮಿಷಗಳು ಮಾತ್ರ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋಗುತ್ತವೆ. 6.23 ದೊಡ್ಡ ವಿಷಯವಲ್ಲ ಅನ್ನಿಸಬಹುದು. ಆದರೆ ಇದು ಸಂಜೆಯ ಆರಂಭ, ಇನ್ನೂ ಹದಿಮೂರು ಜನ ಬಾಕಿ. ಜೊತೆಗೆ ಯಾರನ್ನೂ ಕೇಳದೆ ನೇರವಾಗಿ ಬರುವವರನ್ನು ನಾವಿನ್ನೂ ಎಣಿಸಿಯೇ ಇಲ್ಲ.

ಈ ಲೆಕ್ಕ ಹೊಸದೇನಲ್ಲ. ಇಂಗ್ಲೆಂಡಿನ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಜನ ಕಾಯುವುದೇಕೆ ಎಂದು ಸಂಖ್ಯಾಶಾಸ್ತ್ರಜ್ಞ ನಾರ್ಮನ್ ಬೈಲಿ ಅಧ್ಯಯನ ಮಾಡಿದ್ದರು. ವೆಲ್ಚ್ ಎಂಬವರೊಡನೆ ಅವರು ಬರೆದ ಲೇಖನ 1952ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಬಾಗಿಲು ತೆರೆಯುವ ಹೊತ್ತಿಗೆ ಇಬ್ಬರನ್ನು ಒಟ್ಟಿಗೆ ಕರೆಯಿರಿ, ಆಮೇಲೆ ಸರಾಸರಿ ಸಮಯಕ್ಕೆ ಒಬ್ಬರಂತೆ ಕರೆಯಿರಿ ಎಂಬುದು ಅವರ ಸಲಹೆಯ ತಿರುಳು. ನಮ್ಮ ಕ್ಲಿನಿಕ್ಕಿನಲ್ಲಿ ಎರಡನೆಯವರನ್ನೂ 5.30ಕ್ಕೇ ಕರೆದಿದ್ದರೆ ಅವರು 5.37ಕ್ಕೆ ಒಳಗೆ ಹೋಗುತ್ತಿದ್ದರು, ಆರನೆಯವರ ಸರದಿ ಸರಿಯಾಗಿ 6.20ಕ್ಕೆ ಬರುತ್ತಿತ್ತು. ಒಬ್ಬರು ಏಳು ನಿಮಿಷ ಕಾದದ್ದಕ್ಕೆ ಹಿಂದಿನವರೆಲ್ಲರ ಹೊತ್ತು ಉಳಿಯಿತು. ಮೊದಲ ರೋಗಿ ಬರದೇ ಹೋದರೂ ಡಾಕ್ಟರು ಖಾಲಿ ಕೂರಬೇಕಿಲ್ಲ.

ಎರಡನೆಯ ಉಪಾಯ ಬಿಡುವು. ಆ 18 ಸರದಿಗಳಲ್ಲಿ 6.20 ಮತ್ತು 7.20ನ್ನು ಯಾರಿಗೂ ಕೊಡದೆ ಬಿಡಬೇಕು. ಅಷ್ಟರಲ್ಲಿ ಎಂಟು ನಿಮಿಷ ತಡವಾಗಿದ್ದರೆ 6.20ರ ಬಿಡುವು ಅದನ್ನು ನುಂಗಿಕೊಳ್ಳುತ್ತದೆ, 6.30ರವರು ಹೇಳಿದ ಹೊತ್ತಿಗೇ ಒಳಗೆ ಹೋಗುತ್ತಾರೆ. ಎರಡೂ ಬಿಡುವನ್ನು ಕೊನೆಯಲ್ಲಿ ಇಟ್ಟರೆ ಡಾಕ್ಟರು ಹೊತ್ತಿಗೆ ಸರಿಯಾಗಿ ಮನೆಗೆ ಹೋಗಬಹುದೇ ಹೊರತು ನಡುವೆ ಕೂತವರಿಗೆ ಏನೂ ಸಿಗುವುದಿಲ್ಲ. ಬಿಡುವಿನ ದೊಡ್ಡ ಶತ್ರು ಖಾಲಿ ಕಾಣುವ ರಿಜಿಸ್ಟರು. ಫೋನಿನಲ್ಲಿ ಯಾರೋ ‘ಮೇಡಂ, ಒಂದೇ ಒಂದು ನೋಡಿ’ ಅಂದ ಕೂಡಲೇ ಮುಂದಿನ ಮೇಜಿನ ಹುಡುಗಿಯ ಪೆನ್ನು ಅಲ್ಲಿಗೇ ಹೋಗುತ್ತದೆ. ಆ ಸಾಲುಗಳ ಮೇಲೆ ಬೆಳಿಗ್ಗೆಯೇ ಕೆಂಪು ಗೀಟು ಎಳೆದಿಡುವುದು ಅದಕ್ಕೇ.

ಇನ್ನು ಹೇಳದೆ ಬರುವವರು. ನಮ್ಮೂರುಗಳಲ್ಲಿ ಜ್ವರ ಅಪಾಯಿಂಟ್‌ಮೆಂಟು ತೆಗೆದುಕೊಂಡು ಬರುವುದಿಲ್ಲ. ಅವರನ್ನು ನಿಯಮ ಮುರಿಯುವವರಂತೆ ನೋಡುವ ಕ್ಲಿನಿಕ್ಕಿಗೆ ಊರಿನ ಪರಿಚಯವಿಲ್ಲ ಎಂದೇ ಅರ್ಥ. ದಿನಕ್ಕೆ ಮೂವರು ಹಾಗೆ ಬರುತ್ತಾರೆಂದರೆ ಮೂರು ಸರದಿಯನ್ನು, 6.50, 7.40 ಮತ್ತು 8.10 ಅನ್ನೋಣ, ಅವರಿಗೇ ಇಟ್ಟುಬಿಡಬೇಕು. ಸೋಮವಾರ ಮತ್ತು ಹಬ್ಬದ ಮಾರನೆಯ ದಿನ ಇನ್ನೊಂದೆರಡು ಹೆಚ್ಚು. ಉಳಿದ 13 ಸರದಿಗಳಷ್ಟೇ ಫೋನಿನಲ್ಲಿ ಕೊಡಲು. ಯಾರಾದರೂ ಬಾರದೆ ಖಾಲಿಯಾದ ಸರದಿಯೂ ಬೆಂಚಿನ ಮೇಲೆ ಕಾದಿರುವವರಿಗೇ. ಎದೆನೋವು, ಉಸಿರಾಟದ ತೊಂದರೆ, ಮಗುವಿಗೆ ಪಿಟ್ಸ್ ಎಂದು ಬಂದವರಿಗೆ ಸರದಿಯ ಮಾತೇ ಇಲ್ಲ. ಅವರು ನೇರ ಒಳಗೆ, ಬೇಕಾದರೆ 108ಕ್ಕೆ ಫೋನು. ಇದನ್ನು ಗುರುತಿಸುವುದು ಹೇಗೆಂದು ಡಾಕ್ಟರು ಆ ಹುಡುಗಿಗೆ ಮೊದಲೇ ಹೇಳಿಕೊಟ್ಟಿರಬೇಕು.

ಲೆಕ್ಕಕ್ಕೆ ಸಿಗದ ಇನ್ನೊಂದು ಗುಂಪಿದೆ. ‘ರಿಪೋರ್ಟ್ ತೋರಿಸಿ ಹೋಗ್ತೀನಿ ಕಣಮ್ಮ, ಎರಡೇ ನಿಮಿಷ’ ಎಂದು ಬಾಗಿಲ ಬಳಿ ನಿಲ್ಲುವವರು. ರಿಪೋರ್ಟ್ ನೋಡಿ, ಮಾತ್ರೆ ಬದಲಿಸಿ, ಹೇಗೆ ತೆಗೆದುಕೊಳ್ಳಬೇಕೆಂದು ಹೇಳುವಷ್ಟರಲ್ಲಿ ಆರು ನಿಮಿಷ ಕಳೆದಿರುತ್ತದೆ. ಬ್ಯಾಗು ಹಿಡಿದ ಮೆಡಿಕಲ್ ರೆಪ್‌ಗಳೂ ಇದೇ ಜಾತಿ. ಇಬ್ಬರಿಗೂ 8.30ರ ನಂತರದ ಹೊತ್ತನ್ನು ಗೊತ್ತುಮಾಡಿದರೆ ಸಂಜೆ ಎಷ್ಟೋ ಹಗುರಾಗುತ್ತದೆ.

ತಡವಾಗಿ ಬಂದವರ ವಿಷಯ ಹೆಚ್ಚು ನಾಜೂಕು, ಏಕೆಂದರೆ ಜಗಳ ಹುಟ್ಟುವುದು ಇಲ್ಲೇ. 5.50ರವರು ಬಂದಿಲ್ಲ, 6.00ರವರು ಬೆಂಚಿನ ಮೇಲಿದ್ದಾರೆ. ಡಾಕ್ಟರು ಕಾಯದೆ 6.00ರವರನ್ನು ಕರೆಯುತ್ತಾರೆ. 5.57ಕ್ಕೆ ಓಡುತ್ತಾ ಬಂದವರು, ‘ನಂದು ಮೊದಲು’ ಅಂತಾರೆ. ನಿಯಮ ಮೊದಲೇ ಗೋಡೆಯ ಮೇಲಿದ್ದರೆ ಉತ್ತರ ಸುಲಭ: ಹತ್ತು ನಿಮಿಷದೊಳಗಿನ ತಡವಾದರೆ ಈಗ ಒಳಗಿರುವವರ ನಂತರ ಅವರೇ. ಅದಕ್ಕಿಂತ ಹೆಚ್ಚಾದರೆ ಹೇಳದೆ ಬಂದವರ ಸಾಲಿಗೆ ಸೇರುತ್ತಾರೆ, ಮುಂದೆ ಸಿಗುವ ಖಾಲಿ ಸರದಿ ಅವರದ್ದು. ಹೊತ್ತಿಗೆ ಬಂದವರನ್ನು ಹಿಂದೆ ತಳ್ಳಿ ತಡವಾದವರನ್ನು ಒಳಗೆ ಬಿಡುವ ಕ್ಲಿನಿಕ್ಕಿನಲ್ಲಿ ಕೆಲವೇ ವಾರಗಳಲ್ಲಿ ಯಾರೂ ಹೊತ್ತಿಗೆ ಬರುವುದಿಲ್ಲ. ‘ಕೂತಿರಿ, ಕರೀತೀನಿ’ ಅನ್ನುವುದಕ್ಕಿಂತ ‘ನಿಮ್ಮನ್ನ 6.50ಕ್ಕೆ ಕರೀತೀನಿ, ಬೇಕಿದ್ರೆ ಟೀ ಕುಡ್ಕೊಂಡು ಬನ್ನಿ’ ಅನ್ನುವುದು ಮೇಲು.

ಎಲ್ಲ ತಡವೂ ಸೋಮಾರಿತನವಲ್ಲ. ಹಳ್ಳಿಯಿಂದ ಬರುವ ಬಸ್ಸು 6.15ಕ್ಕೆ ಸ್ಟ್ಯಾಂಡ್ ಸೇರುವುದಾದರೆ ಆ ಹಳ್ಳಿಯವರಿಗೆ 6.10 ಕೊಟ್ಟು ಪ್ರಯೋಜನವೇನು? ಫೋನಿನಲ್ಲಿ ‘ಯಾವ ಬಸ್ಸಿಗೆ ಬರ್ತೀರ?’ ಎಂಬ ಒಂದು ಪ್ರಶ್ನೆ ಎಸ್ಸೆಮ್ಮೆಸ್ಸಿನ ಜ್ಞಾಪನೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಡಾಕ್ಟರೇ ತಡವಾದರೆ? 5.50ಕ್ಕೆ ಬಂದರೆ ಎರಡೂ ಬಿಡುವು ಅಲ್ಲಿಗೇ ಖರ್ಚಾಯಿತು. ಆಮೇಲೆ ಬರುವ ಯಾವ ಏರುಪೇರಿಗೂ ಆಸರೆಯಿಲ್ಲ. ರೋಗಿಯೊಬ್ಬ ತಡಮಾಡಿದರೆ ಅದನ್ನು ಒಂದು ಸರದಿಯಲ್ಲಿ ಸುಧಾರಿಸಬಹುದು, ಇದನ್ನು ಹಾಗಲ್ಲ.

ಎಲ್ಲಿ ಎಡವುತ್ತಿದೆ ಎಂದು ತಿಳಿಯಲು ಸಾಫ್ಟ್‌ವೇರ್ ಬೇಕಿಲ್ಲ. ಒಂದು ವಾರ ರಿಜಿಸ್ಟರಿನಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಮೂರು ಸಮಯ ಬರೆದರೆ ಸಾಕು: ಕೊಟ್ಟದ್ದು, ಬಂದದ್ದು, ಒಳಗೆ ಹೋದದ್ದು. ಮೊದಲ ರೋಗಿಗೇ ಇಪ್ಪತ್ತು ನಿಮಿಷ ತಡವಾಗಿ, ಕೊನೆಯವರೆಗೂ ಹೆಚ್ಚುಕಡಿಮೆ ಅಷ್ಟೇ ಉಳಿದರೆ ಡಾಕ್ಟರು ಬರುವ ಹೊತ್ತು ಸರಿಯಿಲ್ಲ. 6 ಗಂಟೆಗೆ ಐದು ನಿಮಿಷವಿದ್ದ ತಡ 8 ಗಂಟೆಗೆ ನಲವತ್ತಾದರೆ ಹತ್ತು ನಿಮಿಷದ ಸರದಿಯೇ ಸಾಲದು, ಇಲ್ಲವೇ ಬಿಡುವನ್ನು ಯಾರೋ ತುಂಬುತ್ತಿದ್ದಾರೆ. ದಿನಾ ಬಿಡುವು ಪೂರಾ ಉಳಿಯುತ್ತಿದ್ದರೆ ಒಂದು ಸರದಿಯನ್ನು ಧೈರ್ಯವಾಗಿ ಕೊಡಬಹುದು.

ಆದರೆ ಸಂಜೆಗೆ 21 ಜನ ಬರುತ್ತಾರೆಂದರೆ ಅದು 210 ನಿಮಿಷದ ಕೆಲಸ. 180 ನಿಮಿಷದಲ್ಲಿ ಅದನ್ನು ಯಾವ ಜೋಡಣೆಯೂ ಹಿಡಿಸಲಾರದು. ಆ ಕ್ಲಿನಿಕ್ಕು 5 ಗಂಟೆಗೇ ಬಾಗಿಲು ತೆರೆಯಬೇಕು, ಇಲ್ಲವೇ ಬಿಪಿ, ಸಕ್ಕರೆ ಕಾಯಿಲೆಯ ಮಾಮೂಲಿ ತಪಾಸಣೆಯನ್ನು ಬೆಳಗಿನ ಹೊತ್ತಿಗೆ ಸಾಗಿಸಬೇಕು.