ನಿಮಗಿದು ಗೊತ್ತೆ? 70ರಿಂದ ಭಾಗಿಸಿದರೆ ಪಿಂಚಣಿ

ಖಾಸಗಿ ಕಂಪನಿಯ ನೌಕರರಿಗೆ ಇಪಿಎಫ್‌ಒ ಕೊಡುವ ಪಿಂಚಣಿಯ ಲೆಕ್ಕ ಒಂದೇ ಸಾಲಿನದು: ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವಾ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸಬೇಕು. ಅಂದರೆ 35 ವರ್ಷ ದುಡಿದವರಿಗೆ ಆ ಸಂಬಳದ ಅರ್ಧ, ತಿಂಗಳು ತಿಂಗಳೂ.

ಇಲ್ಲಿ ಸಂಬಳವೆಂದರೆ ಕೊನೆಯ ತಿಂಗಳು ಕೈಗೆ ಬಂದದ್ದಲ್ಲ. ಕೊನೆಯ 60 ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಸರಾಸರಿ. ಅದಕ್ಕೂ 15,000 ರೂಪಾಯಿಯ ಮಿತಿಯಿದೆ. ಹೆಚ್ಚಿನ ವೇತನದ ಮೇಲೆ ಪಿಂಚಣಿ ವಂತಿಗೆ ಕಟ್ಟುವ ಆಯ್ಕೆ ಮಾಡಿಕೊಂಡವರನ್ನು ಬಿಟ್ಟರೆ, 40,000 ರೂಪಾಯಿ ಸಂಬಳದವರಿಗೂ ಲೆಕ್ಕ ನಿಲ್ಲುವುದು ಅಲ್ಲೇ.

ಬಹಳ ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. 2014ರ ಸೆಪ್ಟೆಂಬರ್ 1ಕ್ಕೆ ಮೊದಲು ಮಿತಿ 6,500 ರೂಪಾಯಿ ಇತ್ತು. ಹಳೆಯ ಸೇವೆಗೆ ಹಳೆಯ ಮಿತಿಯೇ ಅನ್ವಯಿಸುತ್ತದೆ.

2006ರ ಸೆಪ್ಟೆಂಬರ್‌ನಲ್ಲಿ ಕಾರ್ಖಾನೆ ಸೇರಿ, 2024ರ ಆಗಸ್ಟ್ ಕೊನೆಗೆ 58 ತುಂಬಿ ನಿವೃತ್ತರಾದ ಒಬ್ಬ ಫಿಟರ್ ಇದ್ದಾರೆ ಎನ್ನೋಣ. ಅವರ ಸರಾಸರಿ ವೇತನ 15,000 ದಾಟಿದೆ. ಮನೆಯಲ್ಲಿ ಕೂತು 15,000 × 18 ÷ 70 ಎಂದು ಹಾಕಿದರೆ 3,857 ರೂಪಾಯಿ. ಆದರೆ ಮೊದಲ 8 ವರ್ಷಕ್ಕೆ 6,500ರ ಲೆಕ್ಕದಲ್ಲಿ 743, ನಂತರದ 10 ವರ್ಷಕ್ಕೆ 2,143. ಒಟ್ಟು ಸುಮಾರು 2,886 ರೂಪಾಯಿ. ತಿಂಗಳಿಗೆ ಸಾವಿರದಷ್ಟು ಖೋತಾ, ಇದನ್ನು ಮುಂಚೆಯೇ ತಿಳಿದಿರುವುದು ಒಳ್ಳೆಯದು.

ಇನ್ನೊಂದು ಮಾತು: ಕೆಲಸ ಬದಲಿಸುವಾಗ ಪಿಂಚಣಿ ಹಣವನ್ನೂ ಹಿಂತೆಗೆದುಕೊಂಡರೆ ಅಷ್ಟೂ ವರ್ಷಗಳು ಈ ಗುಣಾಕಾರದಿಂದ ಅಳಿಸಿಹೋಗುತ್ತವೆ. ಉಳಿದ ಸೇವೆ 10 ವರ್ಷ ಮುಟ್ಟದಿದ್ದರೆ ಮಾಸಿಕ ಪಿಂಚಣಿಯೇ ಇಲ್ಲ.