ಮಾತ್ರೆ ಮೇಲೆ ಮಾತ್ರೆ: ಮೈಯಲ್ಲಿ ಎಷ್ಟು ಔಷಧ?

ಹನ್ನೆರಡು ಗಂಟೆಗೊಮ್ಮೆ 400 ಮಿಲಿಗ್ರಾಂ ಮಾತ್ರೆ ನುಂಗಬೇಕು ಅಂತಿಟ್ಟುಕೊಳ್ಳಿ. ಅಷ್ಟು ಹೊತ್ತಿಗೆ ಮೈಯೊಳಗಿನ ಔಷಧದಲ್ಲಿ ಅರ್ಧ ಕರಗಿ ಹೋಗಿರುತ್ತದೆ, ಇನ್ನರ್ಧ ಉಳಿದಿರುತ್ತದೆ. ಹಳೆಯದು ಪೂರ್ತಿ ಖಾಲಿಯಾಗುವ ಮೊದಲೇ ಹೊಸದು ಬಂದು ಸೇರುತ್ತದೆ. ಹಾಗಾದರೆ ತಿಂಗಳುಗಟ್ಟಲೆ ನುಂಗಿದವರ ಮೈಯಲ್ಲಿ ಔಷಧ ಏರುತ್ತಲೇ ಹೋಗುತ್ತದೆಯೇ?

ಐದನೆಯ ಮಾತ್ರೆ ನುಂಗಿದ ಕ್ಷಣದ ಲೆಕ್ಕ ನೋಡೋಣ. ಈಗ ನುಂಗಿದ್ದು 400, ಅದರ ಹಿಂದಿನದರಲ್ಲಿ ಉಳಿದದ್ದು 200, ಅದಕ್ಕೂ ಹಿಂದಿನವುಗಳಲ್ಲಿ 100, 50, 25. ಪ್ರತಿ ಪದವೂ ಹಿಂದಿನದರ ಅರ್ಧ. ಹೀಗೆ ಒಂದೇ ಅನುಪಾತದಲ್ಲಿ ಸಾಗುವುದೇ ಗುಣೋತ್ತರ ಶ್ರೇಢಿ.

ಐದೇ ಪದವಾದರೆ ಬೆರಳೆಣಿಕೆಯಲ್ಲಿ ಕೂಡಬಹುದು, ಐವತ್ತಾದರೆ ಆಗದು. ಅದಕ್ಕೊಂದು ಉಪಾಯವಿದೆ. ಇಡೀ ಸಾಲನ್ನು ಅನುಪಾತದಿಂದ ಗುಣಿಸಿ, ಅಂದರೆ ಅರ್ಧ ಮಾಡಿ, ಮೂಲದ ಕೆಳಗೆ ಬರೆಯಿರಿ:

S = 400 + 200 + 100 + 50 + 25
S/2 = 200 + 100 + 50 + 25 + 12.5

ಮೇಲಿನದರಿಂದ ಕೆಳಗಿನದನ್ನು ಕಳೆದರೆ ನಡುವಿನವೆಲ್ಲ ಹೊಡೆದುಹೋಗುತ್ತವೆ. ಉಳಿಯುವುದು ಮೊದಲ 400 ಮತ್ತು ಕೊನೆಯ 12.5 ಮಾತ್ರ. S/2 = 387.5, ಆದ್ದರಿಂದ S = 775. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿಯೂ ಈ ಮೊತ್ತಕ್ಕೆ ಸೂತ್ರವಿದೆ. ಕೊನೆಯ ಪದವನ್ನು ಇನ್ನೊಮ್ಮೆ ಅನುಪಾತದಿಂದ ಗುಣಿಸಿದರೆ ಬರುವುದನ್ನು ಆತ ‘ಗುಣಧನ’ ಎಂದ, ನಮ್ಮ 12.5 ಅದೇ. ಅದರಿಂದ ಮೊದಲ ಪದವನ್ನು ಕಳೆದು, ಒಂದು ಕಡಿಮೆ ಮಾಡಿದ ಅನುಪಾತದಿಂದ ಭಾಗಿಸಬೇಕು. −387.5 ಅನ್ನು −1/2ರಿಂದ ಭಾಗಿಸಿ ನೋಡಿ, ಮತ್ತೆ 775.

ಮಾತ್ರೆಗಳ ಸಂಖ್ಯೆ ಏರಿದಂತೆ ಆ 12.5ರ ಜಾಗದಲ್ಲಿ ಬರುವ ಸಂಖ್ಯೆ ಸೊನ್ನೆಯ ಕಡೆಗೆ ಸವೆಯುತ್ತದೆ. ಹತ್ತನೆಯ ಮಾತ್ರೆಗೆ ಅದು 0.4 ಕೂಡ ಇರುವುದಿಲ್ಲ. ಅದನ್ನು ಬಿಟ್ಟರೆ S/2 = 400, ಅಂದರೆ S = 800. ಮೊತ್ತ 800ರ ಹತ್ತಿರ ಹತ್ತಿರ ಬರುತ್ತದೆಯೇ ಹೊರತು ಅದನ್ನು ದಾಟುವುದಿಲ್ಲ. ಸೂತ್ರ ಇಷ್ಟೇ: ಮೊದಲ ಪದವನ್ನು (1 − ಅನುಪಾತ)ದಿಂದ ಭಾಗಿಸಿ.

ಇನ್ನು ಮೂತ್ರಪಿಂಡ ಸೋತು, ಅದೇ ಹನ್ನೆರಡು ಗಂಟೆಯಲ್ಲಿ ಕಾಲು ಭಾಗ ಮಾತ್ರ ಹೊರಹೋಯಿತು ಅನ್ನಿ. ಅನುಪಾತ ಈಗ 3/4. 400 ಅನ್ನು 1/4ರಿಂದ ಭಾಗಿಸಿದರೆ 1600! ಮಾತ್ರೆ ಅದೇ, ವೇಳೆಯೂ ಅದೇ, ಆದರೂ ಮೈಯಲ್ಲಿ ನಿಲ್ಲುವ ಔಷಧ ಇಮ್ಮಡಿ. ಮೂತ್ರಪಿಂಡದ ತೊಂದರೆ ಇದ್ದವರಿಗೆ ವೈದ್ಯರು ಕೆಲವು ಔಷಧಗಳ ಪ್ರಮಾಣ ಇಳಿಸುವುದು, ಇಲ್ಲವೇ ಅಂತರ ಹೆಚ್ಚಿಸುವುದು ಇದಕ್ಕೇ. ನಿಜವಾದ ದೇಹದಲ್ಲಿ ಮಾತ್ರೆ ರಕ್ತಕ್ಕೆ ಸೇರಲೂ ಸಮಯ ಬೇಕು, ಹಾಗಾಗಿ ಅಲ್ಲಿನ ಲೆಕ್ಕ ಇಷ್ಟು ಸರಳವಲ್ಲ.

ಕೊನೆಯಿಲ್ಲದ ಸಾಲಿನ ಈ ಸೂತ್ರ ಬಳಸುವ ಮೊದಲು ಅನುಪಾತ ನೋಡಿಕೊಳ್ಳಿ. 400, 800, 1600 ಎಂದು ದುಪ್ಪಟ್ಟಾಗುವ ಸಾಲಿಗೆ ಅದನ್ನೇ ಹಚ್ಚಿದರೆ ಉತ್ತರ −400 ಬರುತ್ತದೆ. ಧನಸಂಖ್ಯೆಗಳನ್ನು ಕೂಡಿ ಋಣಸಂಖ್ಯೆ ಬಂತೆಂದರೆ ಸೂತ್ರವನ್ನು ಸಲ್ಲದ ಜಾಗಕ್ಕೆ ಹಾಕಿದ್ದೀರಿ ಎಂದೇ ಅರ್ಥ.