ಸಂಶೋಧನ ಪ್ರಬಂಧಗಳಲ್ಲಿ ಪರಿಮಿತಿ ನಿರೂಪಣೆಯ ಕ್ರಮ

ಶಾಸ್ತ್ರೀಯ ಪ್ರಬಂಧಗಳಲ್ಲಿ ಪರೀಕ್ಷೆಯ ಕ್ರಮವನ್ನೂ ಅದರಿಂದ ದೊರೆತ ಫಲವನ್ನೂ ಹೇಳಿ ಮುಗಿಸಿದ ಬಳಿಕ ವಿಮರ್ಶಾಭಾಗವು ಬರುತ್ತದೆ. ಆ ಭಾಗದಲ್ಲಿ, ಬಹುಮಟ್ಟಿಗೆ ಉಪಸಂಹಾರಕ್ಕೆ ಸ್ವಲ್ಪ ಮೊದಲು, ಪರೀಕ್ಷೆಯ ಪರಿಮಿತಿಗಳನ್ನು ತಿಳಿಸುವ ಒಂದು ಪರಿಚ್ಛೇದವಿರುವುದು ಈಗ ವಾಡಿಕೆಯಾಗಿದೆ. ಇದನ್ನು ಬರೆಯುವವರು ಎರಡು ವಿಧವಾಗಿ ದಾರಿ ತಪ್ಪುವುದುಂಟು. ಕೆಲವರು ಮುಖ್ಯವಾದ ದೋಷವನ್ನು ಮರೆಯಿಸಿ ಅಲ್ಪವಾದುವನ್ನು ಮಾತ್ರ ಒಪ್ಪಿಕೊಳ್ಳುತ್ತಾರೆ. ಮತ್ತೆ ಕೆಲವರು ಪರೀಕ್ಷಿತರ ಸಂಖ್ಯೆ ಕಡಮೆ, ಸ್ಥಳ ಒಂದೇ, ಕಾಲ ಸಾಲದು ಎಂದು ದೋಷಗಳನ್ನೆಲ್ಲ ಸಾಲಾಗಿ ಎಣಿಸಿ, ಮುಂದೆ ಇನ್ನೂ ಶೋಧನೆಯಾಗಬೇಕೆಂದು ಹೇಳಿ ನಿಲ್ಲಿಸುತ್ತಾರೆ. ಮೊದಲನೆಯದು ವಂಚನೆಯೆಂಬುದು ಸ್ಪಷ್ಟ. ಎರಡನೆಯದು ಸತ್ಯನಿಷ್ಠೆಯಂತೆ ಕಂಡರೂ ಅದರಿಂದ ಓದುಗನಿಗೆ ಯಾವ ತಿಳಿವಳಿಕೆಯೂ ಉಂಟಾಗುವುದಿಲ್ಲ. ಫಲವನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ಅವನ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಈ ವಿಷಯದಲ್ಲಿ ನಮ್ಮ ನೈಯಾಯಿಕರು ಮಾಡಿರುವ ಒಂದು ವಿಭಾಗವು ಉಪಯುಕ್ತವಾಗಿದೆ. ಬೆಂಕಿಯಿರುವೆಡೆಯಲ್ಲೆಲ್ಲ ಹೊಗೆಯಿರುವುದೆಂದು ಒಬ್ಬನು ಊಹಿಸಿದರೆ, ಹಸಿ ಸೌದೆಯ ಸಂಬಂಧವಿದ್ದಾಗ ಮಾತ್ರ ಹಾಗಾಗುವುದೆಂದು ಪ್ರತಿವಾದಿಯು ತೋರಿಸುತ್ತಾನೆ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೀಗೆ ಹೇತುವಿನ ಹಿಂದೆ ಅಡಗಿದ್ದು ಅನುಮಾನವನ್ನು ಕೆಡಿಸುವ ಅಂಶಕ್ಕೆ ಉಪಾಧಿಯೆಂದು ಹೆಸರು. ಉಪಾಧಿಯು ನಿಶ್ಚಿತವೆಂದೂ ಶಂಕಿತವೆಂದೂ ಎರಡು ಬಗೆ. ಉಂಟೆಂದು ಖಂಡಿತವಾಗಿ ತಿಳಿದದ್ದು ನಿಶ್ಚಿತ. ಇರಬಹುದೆಂದು ಸಂಶಯಕ್ಕೆ ಮಾತ್ರ ಎಡೆಕೊಡುವುದು ಶಂಕಿತ. ಇಂದಿನ ಸಂಶೋಧಕನು ಹೇಳುವ ಪರಿಮಿತಿಗಳೆಲ್ಲ ಉಪಾಧಿಗಳಲ್ಲವಾದರೂ ಈ ವಿಭಾಗವು ಅವುಗಳಿಗೂ ಅನ್ವಯಿಸುತ್ತದೆ. ನಿಶ್ಚಿತವಾದ ದೋಷ ಯಾವುದು, ಶಂಕೆಗೆ ಮಾತ್ರ ವಿಷಯವಾದದ್ದು ಯಾವುದು ಎಂಬುದನ್ನು ಬೇರ್ಪಡಿಸದೆ ಒಂದೇ ಸಾಲಿನಲ್ಲಿ ಸೇರಿಸುವುದರಿಂದಲೇ ಪರಿಮಿತಿಯ ಪರಿಚ್ಛೇದವು ಗೊಂದಲವಾಗುತ್ತದೆ.

ಉದಾಹರಣೆಗೆ ಒಂದು ಪ್ರಸಿದ್ಧವಾದ ಪ್ರಬಂಧವನ್ನು ತೆಗೆದುಕೊಳ್ಳಬಹುದು. 1950ರ ಸೆಪ್ಟೆಂಬರಿನಲ್ಲಿ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಇಬ್ಬರು ವಿದ್ವಾಂಸರು ಧೂಮಪಾನಕ್ಕೂ ಶ್ವಾಸಕೋಶದ ಅರ್ಬುದಕ್ಕೂ, ಎಂದರೆ ಕ್ಯಾನ್ಸರಿಗೂ, ಇರುವ ಸಂಬಂಧವನ್ನು ಕುರಿತು ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಲಂಡನ್ನಿನ 20 ಆಸ್ಪತ್ರೆಗಳ ನೆರವಿನಿಂದ ಈ ರೋಗವುಳ್ಳ 709 ಮಂದಿಯನ್ನೂ, ಅವರಿಗೆ ಲಿಂಗದಲ್ಲಿಯೂ ವಯಸ್ಸಿನಲ್ಲಿಯೂ ಸಮಾನರಾಗಿ ಬೇರೆ ರೋಗಗಳಿಂದ ಆಸ್ಪತ್ರೆಯಲ್ಲಿದ್ದ 709 ಮಂದಿಯನ್ನೂ ಅವರು ವಿಚಾರಿಸಿದ್ದರು. ಪ್ರತಿ ವರ್ಗದಲ್ಲಿಯೂ ಗಂಡಸರು 649 ಮಂದಿ. ಧೂಮಪಾನವನ್ನು ಎಂದೂ ಮಾಡದವರು ಆ ರೋಗಿಗಳಲ್ಲಿ 2, ತುಲನೆಗಾಗಿ ಆರಿಸಿದವರಲ್ಲಿ 27. ದಿನಕ್ಕೆ 25 ಅಥವಾ ಅದಕ್ಕಿಂತ ಹೆಚ್ಚು ಸಿಗರೇಟು ಸೇದುವವರು ಮೊದಲನೆಯ ವರ್ಗದಲ್ಲಿ 168, ಎರಡನೆಯದರಲ್ಲಿ 84.

ಈ ಪರೀಕ್ಷೆಯಲ್ಲಿ ಒಂದು ದೊಡ್ಡ ಕೊರತೆಯಿದ್ದಿತು. ಪ್ರಶ್ನೆಗಳನ್ನು ಕೇಳುತ್ತಿದ್ದವರಿಗೆ ಯಾರಿಗೆ ಯಾವ ರೋಗವೆಂಬುದು ತಿಳಿದಿದ್ದಿತು. ಅರ್ಬುದರೋಗಿಯನ್ನು ಕೇಳುವಾಗ ಅವರು ತಮಗರಿಯದೆಯೇ ಹೆಚ್ಚು ಒತ್ತಿ ಕೇಳಿದ್ದರೆ ಆ ವರ್ಗದ ಸಿಗರೇಟುಗಳ ಲೆಕ್ಕವು ಸುಳ್ಳಾಗಿ ಏರುತ್ತಿತ್ತು. ಇದು ಅಲ್ಪದೋಷವಲ್ಲ, ಫಲವನ್ನು ಇಡಿಯಾಗಿ ಹುಟ್ಟಿಸಬಲ್ಲ ದೋಷ. ಪ್ರಶ್ನಿಸುವವರಿಗೆ ರೋಗವು ತಿಳಿದಿತ್ತೆಂದು ಮಾತ್ರ ಬರೆದು ಮುಂದೆ ಹೋಗಿದ್ದರೆ ಗ್ರಂಥಕರ್ತರು ಸತ್ಯವನ್ನು ಹೇಳಿದಂತೆಯೂ ಆಗುತ್ತಿತ್ತು, ತಮ್ಮ ಕೃತಿಯನ್ನು ನಿರರ್ಥಕ ಮಾಡಿಕೊಂಡಂತೆಯೂ ಆಗುತ್ತಿತ್ತು.

ಅವರು ಅಲ್ಲಿ ನಿಲ್ಲಲಿಲ್ಲ. ವಿಚಾರಣೆಯ ಕಾಲದಲ್ಲಿ ಶ್ವಾಸಕೋಶದ ಅರ್ಬುದವೆಂದು ತಿಳಿಯಲಾಗಿದ್ದು, ತರುವಾಯ ಆ ರೋಗವಲ್ಲವೆಂದು ನಿರ್ಣಯವಾದವರು 209 ಮಂದಿ ಇದ್ದರು. ಪ್ರಶ್ನಿಸುವವರ ಪಕ್ಷಪಾತವೇ ವ್ಯತ್ಯಾಸಕ್ಕೆ ಕಾರಣವಾಗಿದ್ದರೆ, ಇವರ ಉತ್ತರಗಳೂ ನಿಜವಾದ ಅರ್ಬುದರೋಗಿಗಳ ಉತ್ತರಗಳಂತೆ ಇರಬೇಕಾಗಿತ್ತು. ಏಕೆಂದರೆ ಪ್ರಶ್ನಿಸುವವರು ಇವರನ್ನು ಅರ್ಬುದರೋಗಿಗಳೆಂದೇ ಭಾವಿಸಿದ್ದರು. ಆದರೆ ಇವರ ಧೂಮಪಾನದ ರೂಢಿಯು ಬೇರೆ ರೋಗಗಳವರ ರೂಢಿಯನ್ನು ಹೋಲುತ್ತಿತ್ತು. ಹೀಗೆ ದೋಷವನ್ನು ಒಪ್ಪಿಕೊಂಡ ಸ್ಥಳದಲ್ಲಿಯೇ ಅದರ ಬಲವನ್ನು ಅಳೆದು ತೋರಿಸಿದ್ದರಿಂದ ಫಲದ ಮೇಲಿನ ನಂಬಿಕೆಯು ಕುಗ್ಗುವುದಕ್ಕೆ ಬದಲಾಗಿ ಹೆಚ್ಚಿತು.

ಈ ನಿದರ್ಶನದಿಂದ ಒಂದು ನಿಯಮವನ್ನು ತೆಗೆಯಬಹುದು. ಅನುಮಾನವಾಕ್ಯಕ್ಕೆ ಐದು ಅವಯವಗಳಿರುವಂತೆ, ಪರಿಮಿತಿಯನ್ನು ಹೇಳುವ ವಾಕ್ಯಕ್ಕೆ ನಾಲ್ಕು ಅವಯವಗಳು ಬೇಕು. ಮೊದಲನೆಯದು, ದೋಷವೇನೆಂಬುದು. ಎರಡನೆಯದು, ಆ ದೋಷವು ಯಾವ ಫಲವನ್ನು ಮುಟ್ಟುತ್ತದೆಯೆಂಬುದು. ಮೂರನೆಯದು, ಅದು ಫಲವನ್ನು ಹೆಚ್ಚಿಸುತ್ತದೆಯೋ ತಗ್ಗಿಸುತ್ತದೆಯೋ ಎಂಬ ದಿಕ್ಕು. ನಾಲ್ಕನೆಯದು, ಅದಕ್ಕೆ ಮಾಡಿದ ಪರಿಹಾರವೇನು, ಪರಿಹಾರವಾಗದೆ ಉಳಿದದ್ದೆಷ್ಟು ಎಂಬುದು. ಬಹುಮಂದಿ ಮೊದಲನೆಯದನ್ನು ಮಾತ್ರ ಬರೆದು ಮಿಕ್ಕ ಮೂರನ್ನು ಬಿಡುತ್ತಾರೆ.

ಮೂರನೆಯ ಅವಯವವೇ ಹೆಚ್ಚು ಆಲೋಚನೆಗೆ ಅರ್ಹವಾದದ್ದು. ಮೇಲಿನ ಪರೀಕ್ಷೆಯಲ್ಲಿ ತುಲನೆಗಾಗಿ ಆರಿಸಿದವರೂ ಆಸ್ಪತ್ರೆಯ ರೋಗಿಗಳೇ ಆಗಿದ್ದರು. ಹೃದ್ರೋಗವೇ ಮೊದಲಾದ ಬೇರೆ ಕೆಲವು ರೋಗಗಳಿಗೂ ಧೂಮಪಾನವು ಕಾರಣವೆಂಬುದು ಈಗ ತಿಳಿದಿದೆ. ಆದಕಾರಣ ತುಲನಾವರ್ಗದಲ್ಲಿ ಧೂಮಪಾನಿಗಳು ಸಾಮಾನ್ಯ ಜನರಲ್ಲಿರುವುದಕ್ಕಿಂತ ಹೆಚ್ಚಾಗಿಯೇ ಸೇರಿರಬೇಕು. ಎರಡು ವರ್ಗಗಳ ಅಂತರವು ನಿಜಕ್ಕಿಂತ ಕಡಮೆಯಾಗಿ ಕಂಡಿರಬೇಕು. ಇದೂ ದೋಷವೇ, ಆದರೆ ಸಂಬಂಧವುಂಟೆಂಬ ನಿರ್ಣಯಕ್ಕೆ ವಿರೋಧಿಯಲ್ಲ. ಆ ಸಂಬಂಧದ ಪ್ರಮಾಣವನ್ನು ಹೇಳುವಾಗ ಮಾತ್ರ ಎಚ್ಚರವನ್ನು ಬೇಡುತ್ತದೆ. ಪರೀಕ್ಷಿತರ ಸಂಖ್ಯೆ ಅಲ್ಪವೆಂಬ ಮಾತಿಗೆ ಇಂಥ ದಿಕ್ಕೇ ಇಲ್ಲ. ಅಲ್ಪಸಂಖ್ಯೆಯಿಂದ ಫಲವು ಒಂದು ಕಡೆಗೆ ವಾಲುವುದಿಲ್ಲ, ಅನಿಶ್ಚಿತವಾಗುತ್ತದೆ. ಆ ಅನಿಶ್ಚಯವನ್ನು ಫಲದ ಜೊತೆಯಲ್ಲಿ ಕೊಡುವ ಮೇಲಿನ ಮತ್ತು ಕೆಳಗಿನ ಎಲ್ಲೆಗಳೇ ತೋರಿಸುತ್ತವೆ. ಆ ಎಲ್ಲೆಗಳು ಯಾವ ನಿರ್ಣಯಕ್ಕೆ ಸಾಲವೆಂಬುದನ್ನು ಹೇಳಬೇಕೇ ಹೊರತು, ಸಂಖ್ಯೆ ಕಡಮೆಯೆಂದು ಬರಿದೆ ವ್ಯಥೆಪಡುವುದರಿಂದ ಪ್ರಯೋಜನವಿಲ್ಲ.

ತಮಗೆ ಪ್ರತಿಕೂಲವಾದ ಫಲವನ್ನೂ ಡಾಲ್ ಮತ್ತು ಹಿಲ್ ಅಡಗಿಸಲಿಲ್ಲ. ಹೊಗೆಯನ್ನು ಒಳಕ್ಕೆಳೆದುಕೊಳ್ಳುವಿರಾ ಎಂದು ಕೇಳಿದಾಗ, ಹೌದೆಂದವರು ಅರ್ಬುದರೋಗಿಗಳಲ್ಲಿ ತುಲನಾವರ್ಗದವರಿಗಿಂತ ಸ್ವಲ್ಪ ಕಡಮೆಯಾಗಿಯೇ ಇದ್ದರು. ಹೊಗೆಯೇ ರೋಗಕ್ಕೆ ಕಾರಣವಾದರೆ ಹೀಗಾಗುವುದು ವಿಚಿತ್ರ. ಸಂಖ್ಯಾಶಾಸ್ತ್ರದಲ್ಲಿ ಪ್ರಖ್ಯಾತರಾದ ರೊನಾಲ್ಡ್ ಫಿಷರರು ಕೆಲವು ವರ್ಷಗಳ ತರುವಾಯ ಇದನ್ನೇ ಹಿಡಿದು ಆಕ್ಷೇಪಿಸಿದರು. ಆದರೂ ಪ್ರಬಂಧವು ಬೀಳಲಿಲ್ಲ; ಏಕೆಂದರೆ ಅದರ ನಿರ್ಣಯವು ಈ ಒಂದು ಉತ್ತರದ ಮೇಲೆ ನಿಂತಿರಲಿಲ್ಲ. ಇಂಥ ಫಲವನ್ನು ಗ್ರಂಥಕರ್ತನೇ ಮೊದಲು ಹೇಳಿದ್ದರೆ ಅದು ಇನ್ನೂ ಬಿಡಿಸದ ಒಂದು ತೊಡಕಾಗಿ ಉಳಿಯುತ್ತದೆ. ಮತ್ತೊಬ್ಬನು ಹುಡುಕಿ ತೆಗೆದರೆ ಆರೋಪವಾಗುತ್ತದೆ.

ಫಿಷರರ ಮತ್ತೊಂದು ಆಕ್ಷೇಪವು ಶಂಕಿತೋಪಾಧಿಗೆ ಒಳ್ಳೆಯ ನಿದರ್ಶನ. ಯಾವುದೋ ಒಂದು ಆನುವಂಶಿಕ ಗುಣವು ಮನುಷ್ಯನನ್ನು ಧೂಮಪಾನಕ್ಕೂ ಅರ್ಬುದಕ್ಕೂ ಒಟ್ಟಿಗೆ ಎಳೆಯುತ್ತಿರಬಹುದು ಎಂದು ಅವರು ಹೇಳಿದರು. ಇಂಥ ಗುಣವಿಲ್ಲವೆಂದು ಯಾರೂ ಸಾಧಿಸಲಾರರು. 1959ರಲ್ಲಿ ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಅವರ ಸಂಗಡಿಗರು ಇದಕ್ಕೆ ಕೊಟ್ಟ ಉತ್ತರವು ಸಂದೇಹವನ್ನೇ ಪ್ರಮಾಣಕ್ಕೆ ಗುರಿಮಾಡಿತು. ಸಿಗರೇಟು ಸೇದುವವರಿಗೆ ರೋಗವು ಸೇದದವರಿಗಿಂತ 9 ಪಾಲು ಹೆಚ್ಚಾಗಿರುವಾಗ, ಧೂಮಪಾನಕ್ಕೆ ಸ್ವತಃ ಏನೂ ಶಕ್ತಿಯಿಲ್ಲದೆ ಗುಪ್ತವಾದ ಗುಣವೊಂದೇ ಕಾರಣವೆನ್ನಬೇಕಾದರೆ, ಆ ಗುಣವು ಧೂಮಪಾನಿಗಳಲ್ಲಿ ಕಡೆಯಪಕ್ಷ 9 ಪಾಲು ಹೆಚ್ಚಾಗಿ ವ್ಯಾಪಿಸಿರಬೇಕು. ಅಷ್ಟು ಬಲವಾದದ್ದು ಎಲ್ಲಿಯೂ ಕಣ್ಣಿಗೆ ಬೀಳದೆ ಇರುವುದು ಅಸಂಭವವೆಂಬುದು ಅವರ ವಾದ. ಆದ್ದರಿಂದ ಅಳೆಯದೆ ಬಿಟ್ಟ ಕಾರಣಗಳಿರಬಹುದು ಎಂಬ ಮಾತನ್ನು ಬರೆಯುವವನು, ಫಲವನ್ನು ಅಳಿಸಲು ಆ ಕಾರಣವು ಎಷ್ಟು ಬಲವುಳ್ಳದ್ದಾಗಿರಬೇಕು ಎಂಬುದನ್ನೂ ಹೇಳತಕ್ಕದ್ದು. ಫಲವು ದುರ್ಬಲವಾಗಿದ್ದರೆ ಅಲ್ಪವಾದ ಉಪಾಧಿಯೇ ಅದನ್ನು ಅಳಿಸೀತು; ಆಗ ಅದನ್ನು ಒಪ್ಪಿಕೊಳ್ಳುವುದೇ ಸರಿ.

ಈ ಕ್ರಮವನ್ನು ಅನುಸರಿಸಿ, 1950ರ ಪರೀಕ್ಷೆಯ ಪರಿಮಿತಿಯನ್ನು ಕನ್ನಡದಲ್ಲಿ ಬರೆಯುವುದಾದರೆ ಅದು ಹೀಗಿರಬಹುದು. ಇದು ಆ ಗ್ರಂಥಕರ್ತರ ಮಾತಲ್ಲ, ಅವರು ಕೊಟ್ಟ ಸಂಗತಿಗಳಿಂದ ಕಟ್ಟಿದ ಮಾದರಿ:

“ಪ್ರಶ್ನಿಸಿದವರಿಗೆ ರೋಗದ ಹೆಸರು ತಿಳಿದಿದ್ದಿತು. ಇದರಿಂದ ಅರ್ಬುದರೋಗಿಗಳ ಧೂಮಪಾನದ ಲೆಕ್ಕವು ನಿಜಕ್ಕಿಂತ ಹೆಚ್ಚಾಗಿ ಬಂದಿರುವ ಸಂಭವವುಂಟು. ಆದರೆ ತಪ್ಪಾಗಿ ಅರ್ಬುದವೆಂದು ಎಣಿಸಲ್ಪಟ್ಟ 209 ಮಂದಿಯ ರೂಢಿಯು ಬೇರೆ ರೋಗಿಗಳದನ್ನೇ ಹೋಲುವುದರಿಂದ, ಕಂಡ ವ್ಯತ್ಯಾಸಕ್ಕೆಲ್ಲ ಇದು ಕಾರಣವಾಗಲಾರದು. ಹೆಂಗಸರು ಪ್ರತಿ ವರ್ಗದಲ್ಲಿಯೂ 60 ಮಂದಿ ಮಾತ್ರ. ಅವರಲ್ಲಿಯೂ ಸಂಬಂಧವು ಅದೇ ಕಡೆಗೆ ತೋರಿದರೂ ಅದರ ಪ್ರಮಾಣವನ್ನು ನಿಶ್ಚಯಿಸಲು ಇದು ಸಾಲದು. ಹೊಗೆಯನ್ನು ಒಳಕ್ಕೆಳೆಯುವ ವಿಷಯದಲ್ಲಿ ದೊರೆತ ಉತ್ತರಗಳು ನಿರ್ಣಯಕ್ಕೆ ಅನುಕೂಲವಾಗಿಲ್ಲ. ಅದರ ಕಾರಣವು ತಿಳಿಯದು. ಧೂಮದಲ್ಲಿರುವ ಯಾವ ದ್ರವ್ಯವು ರೋಗಕರವೆಂಬುದನ್ನು ಈ ಪರೀಕ್ಷೆಯು ಹೇಳುವುದಿಲ್ಲ.”

ಈ ಮಾದರಿಯಲ್ಲಿ ಕ್ಷಮೆಯ ಮಾತಿಲ್ಲ, ಆದರೂ ಎಂದು ಕೊನೆಯಲ್ಲಿ ಎಲ್ಲವನ್ನೂ ಹಿಂತೆಗೆದುಕೊಳ್ಳುವ ಮಾತೂ ಇಲ್ಲ. ಅತ್ಯಂತ ಅಪಾಯಕರವಾದ ದೋಷವು ಮೊದಲು ಬಂದಿದೆ. ಪರೀಕ್ಷೆಯು ಪ್ರತಿಜ್ಞೆ ಮಾಡದ ವಿಷಯವು ಕೊನೆಯಲ್ಲಿ ಒಂದೇ ವಾಕ್ಯದಲ್ಲಿ ಮುಗಿದಿದೆ.

ಹೀಗೆ ಬರೆದ ಮೇಲೆ ಇನ್ನೊಂದು ಕೆಲಸವುಂಟು. ಪರಿಮಿತಿಯ ಪರಿಚ್ಛೇದವನ್ನು ಎದುರಿಗಿಟ್ಟುಕೊಂಡು ಉಪಸಂಹಾರವನ್ನೂ ಪ್ರಬಂಧದ ಆದಿಯಲ್ಲಿರುವ ಸಾರಾಂಶವನ್ನೂ ಓದಬೇಕು. ಹೆಂಗಸರ ಸಂಖ್ಯೆ ಸಾಲದೆಂದು ಒಪ್ಪಿದವನು ಸಾರಾಂಶದಲ್ಲಿ ಇಷ್ಟು ಪಾಲು ಹೆಚ್ಚೆಂಬ ಒಂದೇ ಲೆಕ್ಕವನ್ನು ಗಂಡಸರಿಗೂ ಹೆಂಗಸರಿಗೂ ಸಮನಾಗಿ ಸಾರಿದ್ದರೆ ಅವನ ಒಪ್ಪಿಗೆ ತೋರಿಕೆಯದಾಗುತ್ತದೆ. ಒಪ್ಪಿದ ಒಂದೊಂದು ಪರಿಮಿತಿಯೂ ನಿರ್ಣಯದ ಯಾವುದಾದರೊಂದು ಪದವನ್ನು ತಿದ್ದಿರಬೇಕು, ಇಲ್ಲವೆ ಏಕೆ ತಿದ್ದಬೇಕಾಗಿಲ್ಲವೆಂಬುದಕ್ಕೆ ಕಾರಣ ಕಾಣಬೇಕು. ಎರಡೂ ಇಲ್ಲದ ವಾಕ್ಯವನ್ನು ತೆಗೆದುಹಾಕಿದರೆ ನಷ್ಟವಿಲ್ಲ. ಡಾಲ್ ಮತ್ತು ಹಿಲ್ ಧೂಮಪಾನವು ಈ ರೋಗದ ಉತ್ಪತ್ತಿಯಲ್ಲಿ ಮುಖ್ಯವಾದ ಒಂದು ಕಾರಣವೆಂದರೇ ಹೊರತು ಅದೊಂದೇ ಕಾರಣವೆನ್ನಲಿಲ್ಲ. ಹಿಂದಿನ ನೆನಪನ್ನು ಅವಲಂಬಿಸಿದ ವಿಚಾರಣೆಯ ಕೊರತೆಯನ್ನು ನೀಗುವುದಕ್ಕಾಗಿ 1951ರಲ್ಲಿ ಬ್ರಿಟನ್ನಿನ ಸುಮಾರು 40,000 ವೈದ್ಯರ ರೂಢಿಯನ್ನು ಮೊದಲೇ ಬರೆಸಿಕೊಂಡು, ತರುವಾಯ ಅವರಲ್ಲಿ ಸಂಭವಿಸಿದ ಮರಣಗಳನ್ನು ಗಮನಿಸುತ್ತ ಹೋದರು. 1954ರಲ್ಲಿ ಹೊರಬಂದ ಅದರ ಮೊದಲ ಫಲವೂ ಹಿಂದಿನ ನಿರ್ಣಯವನ್ನೇ ಸ್ಥಿರಪಡಿಸಿತು. ಇನ್ನೂ ಶೋಧನೆಯಾಗಬೇಕೆಂಬ ವಾಕ್ಯಕ್ಕೆ ಅರ್ಥ ಬರುವುದು, ಯಾವ ಕೊರತೆಯನ್ನು ಎಂಥ ಶೋಧನೆಯು ನೀಗುವುದೆಂದು ಹೀಗೆ ಬಿಡಿಸಿ ಹೇಳಿದಾಗಲೇ.